ಆಪ್ತಸಲಹೆ ಪ್ರಕರಣ: ವರದಿಯಲ್ಲಿ ಏನೂ ಇಲ್ಲ, ಗಂಟು ಮಾತ್ರ ಅಲ್ಲೇ ಇದೆ

(ಗುರುತು ಸಿಗಬಾರದೆಂದು ಹೆಸರನ್ನೂ ಕೆಲವು ವಿವರಗಳನ್ನೂ ಬದಲಿಸಿದ್ದೇನೆ.)

ಸುಧಾ ನನ್ನ ಕೋಣೆಗೆ ಬಂದಾಗ ಅವರ ಕೈಯಲ್ಲಿ ಮ್ಯಾಮೊಗ್ರಾಂ ವರದಿಯ ಲಕೋಟೆ ಇತ್ತು. ವಯಸ್ಸು 41. ಜೊತೆಯಲ್ಲಿ ಅವರ ಅಕ್ಕ. ಮಾತು ಶುರುಮಾಡಿದ್ದು ಅಕ್ಕನೇ. "ವರದಿಯಲ್ಲಿ ಏನೂ ಇಲ್ಲ ಎಂದು ಬಂದಿದೆ ಮೇಡಂ. ಆದರೂ ಇವಳಿಗೆ ನಿದ್ದೆಯಿಲ್ಲ. ನೀವಾದರೂ ಸ್ವಲ್ಪ ಧೈರ್ಯ ಹೇಳಿ."

ನಾನು ಸುಧಾ ಅವರನ್ನು ಕೇಳಿದೆ: "ಗಂಟು ಈಗಲೂ ಕೈಗೆ ಸಿಗುತ್ತದೆಯೇ?"

"ಸಿಗುತ್ತದೆ. ಮೊದಲು ಎಲ್ಲಿತ್ತೋ ಅಲ್ಲೇ ಇದೆ."

ಹಾಗಿದ್ದರೆ ಧೈರ್ಯ ಹೇಳಿ ಮನೆಗೆ ಕಳುಹಿಸುವ ಹಂತ ಇನ್ನೂ ಬಂದಿರಲಿಲ್ಲ. ಅದನ್ನು ಇಬ್ಬರಿಗೂ ಅಲ್ಲೇ ತಿಳಿಸಿದೆ. ಅಕ್ಕನ ಮುಖ ಬಾಡಿತು. ಸುಧಾ ಮಾತ್ರ, ತನ್ನ ಮಾತನ್ನು ಯಾರೋ ಕೊನೆಗೂ ಕೇಳಿಸಿಕೊಂಡರು ಎಂಬಂತೆ ಕುರ್ಚಿಗೆ ಬೆನ್ನು ಕೊಟ್ಟು ಕುಳಿತರು.

ಆರು ವಾರಗಳ ಹಿಂದೆ ಸ್ನಾನ ಮಾಡುವಾಗ ಎಡಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಗೋಲಿಯಷ್ಟು ದೊಡ್ಡ ಗಂಟು ಅವರ ಬೆರಳಿಗೆ ತಗುಲಿತ್ತು. ನೋವಿರಲಿಲ್ಲ. ಮುಟ್ಟಿನ ದಿನಗಳು ಹತ್ತಿರವಿದ್ದುದರಿಂದ, ಅದು ಮುಗಿದ ಮೇಲೆ ನೋಡೋಣ ಎಂದುಕೊಂಡರು. ಅದು ಸರಿಯಾದ ಯೋಚನೆಯೇ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಹಾರ್ಮೋನುಗಳ ಏರಿಳಿತದಿಂದ ಹಾಲುಗ್ರಂಥಿಗಳು ಊದಿಕೊಂಡು, ಸ್ತನವೆಲ್ಲ ಗಂಟುಗಂಟಾದಂತೆ ಅನಿಸುತ್ತದೆ. ಮುಟ್ಟು ಮುಗಿದು ಕೆಲವು ದಿನಗಳಲ್ಲಿ ಅದು ಇಳಿಯುತ್ತದೆ. ಬೇರೆ ಯಾವ ಎಚ್ಚರಿಕೆಯ ಲಕ್ಷಣವೂ ಇಲ್ಲದಿದ್ದರೆ ಒಂದು ಚಕ್ರ ಕಾಯಬಹುದು, ಎರಡನೆಯದಕ್ಕೆ ಕಾಯಬಾರದು. ಮುಟ್ಟು ನಿಂತವರು ಕಾಯುವುದರಲ್ಲಿ ಅರ್ಥವೇ ಇಲ್ಲ.

ಸುಧಾ ಅವರ ಗಂಟು ಮುಟ್ಟು ಮುಗಿದ ಮೇಲೂ ಹೋಗಲಿಲ್ಲ. ಆಮೇಲೆ ಅವರು ಮಾಡಿದ್ದನ್ನು ನನ್ನ ಬಳಿ ಬರುವ ಬಹಳ ಮಂದಿ ಮಾಡುತ್ತಾರೆ: ದಿನಕ್ಕೆ ಹತ್ತಾರು ಸಲ ಅದನ್ನು ಹಿಂಡಿ ನೋಡುವುದು. ಒಂದು ವಾರದಲ್ಲಿ ಆ ಜಾಗ ನೋಯತೊಡಗಿತು. "ನೋವು ಬಂದಿದೆ ಎಂದರೆ ಬೆಳೆಯುತ್ತಿದೆ ಎಂದೇ ಅಲ್ಲವೇ?" ಎಂದು ಕೇಳಿದರು. ಅಲ್ಲ, ಅದು ಹಿಂಡಿದ್ದರ ನೋವು. ಸ್ತನವನ್ನು ಚಿವುಟಿ ಹಿಡಿದರೆ ಯಾರ ಬೆರಳಿಗಾದರೂ ಗಂಟಿನಂಥದ್ದು ಸಿಕ್ಕೇ ಸಿಗುತ್ತದೆ. ಮೂರು ಬೆರಳುಗಳ ಮೆತ್ತನೆಯ ಭಾಗವನ್ನು ಚಪ್ಪಟೆಯಾಗಿಟ್ಟು, ಪಕ್ಕೆಲುಬಿನ ಕಡೆಗೆ ಒತ್ತುತ್ತ ನೋಡಬೇಕು. ಒಮ್ಮೆ ಗುರುತಿಸಿದ ಮೇಲೆ ವೈದ್ಯರು ನೋಡುವವರೆಗೆ ಮತ್ತೆ ಮುಟ್ಟಬಾರದು. ಇದು ನಾನು ಅವರಿಗೆ ಕೊಟ್ಟ ಮೊದಲ ಸಲಹೆ. ಕೇಳಲು ಸಣ್ಣದು, ಆದರೆ ಅದನ್ನು ಪಾಲಿಸಿದ ಮೇಲೆಯೇ ಅವರಿಗೆ ನಿದ್ದೆ ಬರತೊಡಗಿದ್ದು.

ಅಕ್ಕನಿಗೆ ಅರ್ಥವಾಗದೆ ಉಳಿದ ಪ್ರಶ್ನೆ ನ್ಯಾಯವಾದದ್ದೇ. ಮ್ಯಾಮೊಗ್ರಾಂನಲ್ಲಿ ಇಲ್ಲದ ಗಂಟು ಇನ್ನೆಲ್ಲಿರುತ್ತದೆ? ವರದಿಯನ್ನು ಮುಂದಿಟ್ಟುಕೊಂಡು, ಅದರಲ್ಲೇ ಇದ್ದ 'ದಟ್ಟ ಸ್ತನ ಅಂಗಾಂಶ' ಎಂಬ ಮಾತನ್ನು ತೋರಿಸಿದೆ. ಮ್ಯಾಮೊಗ್ರಾಂ ಎಂದರೆ ಎಕ್ಸ್-ರೇ. ಅದರಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಹಾಲುಗ್ರಂಥಿಯ ಅಂಗಾಂಶ ಬಿಳಿಯಾಗಿ ಕಾಣುತ್ತದೆ, ಗಂಟೂ ಬಿಳಿಯಾಗಿಯೇ ಕಾಣುತ್ತದೆ. ಗ್ರಂಥಿಗಳು ಹೆಚ್ಚಿರುವ ಸ್ತನದಲ್ಲಿ ಗಂಟನ್ನು ಹುಡುಕುವುದು ಬಿಳಿ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದದ್ದನ್ನು ಓದಿದ ಹಾಗೆ. ಕೈಗೆ ಸಿಗುವಂಥ ಕ್ಯಾನ್ಸರ್ ಗಂಟುಗಳಲ್ಲೂ ನೂರಕ್ಕೆ ಸುಮಾರು 10ರಿಂದ 15 ಮ್ಯಾಮೊಗ್ರಾಂನಲ್ಲಿ ಕಾಣಿಸದೇ ಹೋಗುತ್ತವೆ. ಆದ್ದರಿಂದ ಕೈಗೆ ಸಿಗುವ ಗಂಟಿಗೆ ಮ್ಯಾಮೊಗ್ರಾಂ ಒಂದೇ ಉತ್ತರ ಕೊಡಲಾರದು. ಏನೂ ಇಲ್ಲ ಎಂಬ ವರದಿ ನೋಡಿ ಮನೆಗೆ ಹೋಗಿ, ಒಂದು ವರ್ಷದ ನಂತರ ಮರಳಿದವರನ್ನು ನಾನು ಕಂಡಿದ್ದೇನೆ. ಅಂಥವರು ಬಂದ ದಿನ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಸುಧಾ ಕೇಳಿದರು: "ಹಾಗಾದರೆ ನನಗೆ ಕ್ಯಾನ್ಸರ್ ಇರಬಹುದೇ?"

ಈ ಪ್ರಶ್ನೆಗೆ ನಾನು ಸುತ್ತಿ ಬಳಸಿ ಉತ್ತರಿಸುವುದಿಲ್ಲ. ಇರಬಹುದು, ಆದರೆ ಇಲ್ಲದಿರುವ ಸಾಧ್ಯತೆಯೇ ಬಹಳ ಹೆಚ್ಚು. ಹೀಗೆ ಪರೀಕ್ಷೆಗೆ ಬರುವ ಹತ್ತು ಗಂಟುಗಳಲ್ಲಿ ಎಂಟು ಅಥವಾ ಒಂಬತ್ತು ಕ್ಯಾನ್ಸರ್ ಆಗಿರುವುದಿಲ್ಲ. ಇಪ್ಪತ್ತರ ಆಸುಪಾಸಿನವರಲ್ಲಿ ಹೆಚ್ಚಾಗಿ ಸಿಗುವುದು ಫೈಬ್ರೊಅಡಿನೋಮ: ರಬ್ಬರಿನಂತೆ ಗಟ್ಟಿಯಾದ, ನುಣುಪಾದ, ಬೆರಳಿನಡಿ ಜಾರಿಕೊಳ್ಳುವ ಗೆಡ್ಡೆ. ಮೂವತ್ತೈದು ದಾಟಿದವರಲ್ಲಿ, ಮುಟ್ಟು ನಿಲ್ಲುವವರೆಗೆ, ನೀರುಗುಳ್ಳೆಗಳು, ಎಂದರೆ ಸಿಸ್ಟ್‌ಗಳು, ಸಾಮಾನ್ಯ. ಅವು ರಾತ್ರಿ ಬೆಳಗಾಗುವುದರೊಳಗೆ ಬಂದಂತೆ ಕಾಣಿಸಿಕೊಳ್ಳುವುದೂ ಉಂಟು. ಪೆಟ್ಟು ಬಿದ್ದ ಜಾಗದಲ್ಲಿ ಕೊಬ್ಬು ಸತ್ತು ಗಟ್ಟಿಯಾಗುವುದುಂಟು. ಹಾಲೂಡಿಸುವ ತಾಯಂದಿರಲ್ಲಿ ಹಾಲು ಕಟ್ಟಿ ಗಂಟಾಗುವುದುಂಟು. ವಯಸ್ಸಾದಂತೆ ಮಾತ್ರ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ ಏರುತ್ತ ಹೋಗುತ್ತದೆ. ಅರವತ್ತರ ಮಹಿಳೆಗೆ 'ಹತ್ತರಲ್ಲಿ ಒಂಬತ್ತು' ಎಂಬ ಲೆಕ್ಕ ಹೇಳಿ ಸಮಾಧಾನಪಡಿಸುವುದು ಮೋಸವಾಗುತ್ತದೆ.

"ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲವಲ್ಲ," ಎಂದರು ಅಕ್ಕ. ಸ್ತನ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಕುಟುಂಬದಲ್ಲಿ ಯಾರಿಗೂ ಅದು ಬಂದಿರುವುದಿಲ್ಲ. ಕುಟುಂಬದಲ್ಲಿ ಇದ್ದರೆ ಎಚ್ಚರ ಹೆಚ್ಚಬೇಕು, ಇಲ್ಲದಿದ್ದರೆ ಎಚ್ಚರ ಕಡಿಮೆಯಾಗಬಾರದು. ನೋವಿನ ವಿಷಯವೂ ಅಷ್ಟೇ. ನೋವಿದೆಯೋ ಇಲ್ಲವೋ ಎಂಬುದರಿಂದ ಗಂಟಿನ ಗುಣವನ್ನು ನಿರ್ಧರಿಸಲಾಗದು.

ನಿರ್ಧರಿಸುವುದು ಮೂರು ಪರೀಕ್ಷೆಗಳು ಸೇರಿ. ವೈದ್ಯರ ಕೈ ಒಂದು, ಚಿತ್ರ ಇನ್ನೊಂದು, ಅಗತ್ಯವಿದ್ದರೆ ಸೂಜಿಯಿಂದ ತೆಗೆದ ಅಂಗಾಂಶ ಮೂರನೆಯದು. ಮೂರೂ ಒಂದೇ ಮಾತು ಹೇಳಿದಾಗ ಆ ಮಾತನ್ನು ನಂಬಬಹುದು. ಒಂದು ಬೇರೆ ಹೇಳಿದರೂ ಪರೀಕ್ಷೆ ಮುಗಿದಿಲ್ಲ. ಸುಧಾ ಅವರಿಗೆ ಆ ತನಕ ಆಗಿದ್ದು ಮ್ಯಾಮೊಗ್ರಾಂ ಮಾತ್ರ. ಗಂಟನ್ನು ಯಾವ ವೈದ್ಯರೂ ಮುಟ್ಟಿ ನೋಡಿಯೇ ಇರಲಿಲ್ಲ.

ಮರುದಿನ ಶಸ್ತ್ರಚಿಕಿತ್ಸಕರು ನೋಡಿದರು. ಕೂರಿಸಿ, ಕೈ ಎತ್ತಿಸಿ, ಚರ್ಮದಲ್ಲಿ ಗುಳಿ ಬೀಳುತ್ತದೆಯೇ, ತೊಟ್ಟು ಹೊಸದಾಗಿ ಒಳಕ್ಕೆ ಎಳೆದುಕೊಂಡಿದೆಯೇ ಎಂದು ಪರೀಕ್ಷಿಸಿದರು. ಬಳಿಕ ಮಲಗಿಸಿ ಎರಡೂ ಸ್ತನ, ಕಂಕುಳು, ಕೊರಳೆಲುಬಿನ ಮೇಲ್ಭಾಗವನ್ನೆಲ್ಲ ಮುಟ್ಟಿ ನೋಡಿದರು. ಗಂಟು ಜರುಗುತ್ತಿತ್ತು, ಚರ್ಮಕ್ಕೂ ಎದೆಯ ಗೋಡೆಗೂ ಅಂಟಿರಲಿಲ್ಲ. ನಂತರ ಆ ಜಾಗಕ್ಕೇ ಗುರಿಯಿಟ್ಟು ಅಲ್ಟ್ರಾಸೌಂಡ್ ಮಾಡಿದರು. ಗಂಟು ನೀರಿನದೋ ಗಟ್ಟಿಯೋ ಎಂದು ಹೇಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಬರೀ ನೀರುಗುಳ್ಳೆಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ನೋವಿದ್ದರೆ ಸೂಜಿಯಿಂದ ನೀರು ತೆಗೆದು ಬಿಡುತ್ತಿದ್ದರು. ಸುಧಾ ಅವರದು 18 ಮಿಲಿಮೀಟರಿನ ಗಟ್ಟಿ ಗೆಡ್ಡೆ. ಮೊಟ್ಟೆಯಾಕಾರ, ಬಹುಪಾಲು ನುಣುಪು ಅಂಚು, ಒಂದು ಕಡೆ ಮಾತ್ರ ಅಂಚು ಸ್ಪಷ್ಟವಿಲ್ಲ. ರೇಡಿಯಾಲಜಿಸ್ಟ್ 'ಬೈರಾಡ್ಸ್ 4ಎ' ಎಂದು ಬರೆದರು.

ಆ ಅಂಕಿ ನೋಡಿ ಸುಧಾ ನಡುಗುತ್ತ ನನ್ನ ಬಳಿ ಬಂದರು. "ನಾಲ್ಕನೇ ಹಂತವೇ?"

ಈ ಗೊಂದಲವನ್ನು ವರದಿ ಕೊಡುವ ಮೇಜಿನಲ್ಲೇ ಬಿಡಿಸಿ ಹೇಳಬೇಕು ಎಂದು ನಾನು ವರ್ಷಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಬೈರಾಡ್ಸ್ ಸಂಖ್ಯೆ ರೋಗದ ಹಂತವಲ್ಲ. ಚಿತ್ರ ನೋಡಿದವರಿಗೆ ಎಷ್ಟು ಅನುಮಾನ ಬಂದಿದೆ ಎಂಬುದರ ಅಳತೆ ಅದು. 3 ಎಂದರೆ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 2ನ್ನು ಮೀರುವುದಿಲ್ಲ, 4ಎ ಎಂದರೆ 2ರಿಂದ 10ರ ನಡುವೆ. ಅಂದರೆ ನೂರು ಸುಧಾರಲ್ಲಿ ಕನಿಷ್ಠ ತೊಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಉಳಿದವರು ಯಾರು ಎಂದು ಚಿತ್ರಕ್ಕೆ ಗೊತ್ತಾಗದು, ಅದಕ್ಕೇ ಸೂಜಿ.

ಸೂಜಿಯ ಹೆಸರೆತ್ತಿದಾಗ ಅಕ್ಕ ತಡೆದರು. "ಚುಚ್ಚಿದರೆ ಹರಡುತ್ತದಂತೆ. ಸುಮ್ಮನೆ ಇಡೀ ಗಂಟನ್ನೇ ತೆಗೆಸಿದರೆ ಆಗದೇ?" ಈ ಭಯಕ್ಕೆ ಒಂದು ಎಳೆಯ ಆಧಾರವಿದೆ, ಆದ್ದರಿಂದ ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಿಲ್ಲ. ಸೂಜಿ ಹೋದ ದಾರಿಯಲ್ಲಿ ಒಂದಷ್ಟು ಕೋಶಗಳು ಜಾರಬಹುದು. ಅವು ಸಾಮಾನ್ಯವಾಗಿ ಅಲ್ಲೇ ಸಾಯುತ್ತವೆ. ಸೂಜಿ ಪರೀಕ್ಷೆ ಮಾಡಿಸಿಕೊಂಡವರ ಆಯುಸ್ಸು ಅದರಿಂದ ಕಡಿಮೆಯಾಗುವುದು ಕಂಡುಬಂದಿಲ್ಲ. ಏನೆಂದು ತಿಳಿಯದೆ ಗಂಟು ತೆಗೆಸಿದವರ ಕಷ್ಟ ಬೇರೆ. ಅದು ಕ್ಯಾನ್ಸರ್ ಎಂದಾದರೆ ಗಂಟಿನ ಸುತ್ತ ತೆಗೆದ ಅಂಚು ಸಾಲದೆ, ಕಂಕುಳಿನ ಗ್ರಂಥಿ ನೋಡದೆ ಬಿಟ್ಟದ್ದರಿಂದ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಕ್ಯಾನ್ಸರ್ ಅಲ್ಲ ಎಂದಾದರೆ ಬೇಡದ ಗಾಯವೊಂದು ಉಳಿಯುತ್ತದೆ.

ಸುಧಾ ಅವರಿಗೆ ಮಾಡಿದ್ದು ಕೋರ್ ಬಯಾಪ್ಸಿ. ತೆಳು ಸೂಜಿಯ ಎಫ್‌ಎನ್‌ಎಸಿಯಲ್ಲಿ ಬಿಡಿ ಕೋಶಗಳಷ್ಟೇ ಬರುತ್ತವೆ. ಇದರಲ್ಲಿ ದಾರದಂಥ ಅಂಗಾಂಶದ ಎಳೆಗಳೇ ಬರುವುದರಿಂದ ಕೋಶಗಳು ಹೇಗೆ ಜೋಡಣೆಗೊಂಡಿವೆ ಎಂಬುದೂ ತಿಳಿಯುತ್ತದೆ. ಹೋಗುವ ಮುಂಚೆ ಎರಡು ಮಾತು ಹೇಳಿದ್ದೆ: ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ, ಸ್ಪ್ರಿಂಗ್ ಬಿಟ್ಟಾಗ 'ಟಕ್' ಎಂದು ಜೋರಾಗಿ ಸದ್ದಾಗುತ್ತದೆ, ಬೆಚ್ಚಬೇಡಿ. ಮರಗಟ್ಟಿಸುವ ಚುಚ್ಚುಮದ್ದು ಚುರುಗುಟ್ಟಿತಂತೆ, ಆಮೇಲೆ ಒತ್ತಿದಂತೆ ಅಷ್ಟೇ. ನಾಲ್ಕು ಎಳೆ ತೆಗೆದರು. ಒಂದು ವಾರ ಆ ಜಾಗ ನೀಲಿಗಟ್ಟಿತ್ತು.

ವರದಿಗಾಗಿ ಕಾದ ಐದು ದಿನಗಳ ಬಗ್ಗೆಯೂ ನಾವು ಮಾತಾಡಿಕೊಂಡಿದ್ದೆವು. ವರದಿಯನ್ನು ಮೊಬೈಲಿನಲ್ಲಿ ಒಬ್ಬರೇ ತೆರೆಯುವುದು ಬೇಡ, ಅಕ್ಕನ ಜೊತೆ ವೈದ್ಯರ ಎದುರಿಗೇ ಕೇಳುವುದು ಎಂದು ತೀರ್ಮಾನವಾಯಿತು. ಮಕ್ಕಳಿಗೆ ಏನು ಹೇಳಲಿ ಎಂದರು. "ಒಂದು ಗಂಟಿದೆ, ಪರೀಕ್ಷೆ ಮಾಡಿಸಿದ್ದೇನೆ, ಇಂಥ ದಿನ ಗೊತ್ತಾಗುತ್ತದೆ" ಎಂದಷ್ಟು ಹೇಳಿ ಎಂದೆ. ಮನೆಯಲ್ಲಿ ಪಿಸುಮಾತು ನಡೆಯುತ್ತಿದ್ದರೆ ಮಕ್ಕಳು ಇದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ. ವೈದ್ಯರನ್ನು ಕೇಳಬೇಕಾದ ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟೆ: "ಸೂಜಿಯ ಫಲಿತಾಂಶ ಚಿತ್ರದೊಂದಿಗೆ ಹೊಂದುತ್ತದೆಯೇ?" ಚಿತ್ರ ಬಹಳ ಅನುಮಾನಾಸ್ಪದವಾಗಿದ್ದು ಸೂಜಿ ಏನೂ ಇಲ್ಲ ಎಂದರೆ, ಸೂಜಿ ಸರಿಯಾದ ಜಾಗಕ್ಕೆ ತಗುಲಿಲ್ಲ ಎಂದೇ ತಿಳಿದು ಮತ್ತೆ ಅಂಗಾಂಶ ತೆಗೆಯಬೇಕಾಗುತ್ತದೆ.

ಫಲಿತಾಂಶ ಬಂತು: ಫೈಬ್ರೊಅಡಿನೋಮ, ಚಿತ್ರದೊಂದಿಗೆ ಹೊಂದುತ್ತದೆ. ತೆಗೆಸಲೇಬೇಕಾದ ಗೆಡ್ಡೆಯಲ್ಲ. ಆರು ತಿಂಗಳಿಗೆ ಇನ್ನೊಂದು ಅಲ್ಟ್ರಾಸೌಂಡ್ ಎಂದರು. ಬೆಳೆದರೆ ಮಾತ್ರ ತೆಗೆಯುತ್ತಾರೆ, ಏಕೆಂದರೆ ಫಿಲೋಡಿಸ್ ಎಂಬ ಅಪರೂಪದ ಗೆಡ್ಡೆ ಮೊದಮೊದಲು ಹೀಗೆಯೇ ಕಾಣುತ್ತದೆ, ಆದರೆ ಬೇಗ ಬೆಳೆಯುತ್ತದೆ.

ಇನ್ನು ಪ್ರತಿ ತಿಂಗಳೂ ತಪ್ಪದೆ ಪರೀಕ್ಷಿಸಿಕೊಳ್ಳಬೇಕೇ ಎಂದು ಸುಧಾ ಕೇಳಿದರು. ಶಾಂಘೈನ ಬಟ್ಟೆ ಕಾರ್ಖಾನೆಗಳ ಸುಮಾರು 2,66,000 ಮಹಿಳೆಯರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಪರೀಕ್ಷೆ ಕಲಿತವರಲ್ಲಿ ಸ್ತನ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳ ಬಯಾಪ್ಸಿ ಮಾತ್ರ ಹೆಚ್ಚಿತು. ಆದ್ದರಿಂದ ಅದನ್ನು ವ್ರತದಂತೆ ಮಾಡಬೇಡಿ ಎಂದೆ. ನಿಮ್ಮ ಸ್ತನ ಸಾಮಾನ್ಯವಾಗಿ ಹೇಗಿರುತ್ತದೆ ಎಂಬ ಪರಿಚಯ ಸಾಕು. ವೈದ್ಯರು ಹೇಳಿದ ಮ್ಯಾಮೊಗ್ರಾಂ ತಪ್ಪಿಸಬೇಡಿ.

ಆರು ತಿಂಗಳ ನಂತರ ಗೆಡ್ಡೆ ಅಷ್ಟೇ ಇತ್ತು. ಹೊರಡುವಾಗ ಅವರ ವರದಿಯ ಕಡತದ ಮೇಲೆ ಒಂದು ಸಾಲು ಬರೆದುಕೊಟ್ಟೆ: ಎಡಸ್ತನ, ಗಡಿಯಾರದ ಎರಡು ಗಂಟೆಯ ಜಾಗ, 18 ಮಿಲಿಮೀಟರ್. ಇದರ ಹೊರತು ಬೇರೆ ಎಲ್ಲಿ ಗಂಟು ಸಿಕ್ಕರೂ ಈ ಕಡತ ಅದಕ್ಕೆ ಅನ್ವಯಿಸುವುದಿಲ್ಲ, ಮತ್ತೆ ಮೊದಲಿನಿಂದ ತೋರಿಸಬೇಕು ಎಂದೆ. ಸುಧಾ ಅದನ್ನು ಅಕ್ಕನಿಗೂ ಓದಿ ಹೇಳಿದರು.