ಮುಚ್ಚಳ ಅಸಲಿ, ಒಳಗಿರುವುದು?

ಪ್ರಶ್ನೆ: ಆನ್‌ಲೈನಲ್ಲಿ ಸೆಕೆಂಡ್ ಹ್ಯಾಂಡ್ ಸೀಕೋ SKX007 ವಾಚ್ ತಗೊಂಡೆ. ಬಾಕ್ಸ್, ವಾರಂಟಿ ಕಾರ್ಡ್ ಎಲ್ಲ ಇದೆ. ಹಿಂದಿರುವ ಸೀರಿಯಲ್ ನಂಬರ್ ಒಂದು ಸೈಟಲ್ಲಿ ಹಾಕಿದರೆ ತಿಂಗಳು, ವರ್ಷ ಸರಿಯಾಗೇ ತೋರಿಸುತ್ತೆ. ಅಷ್ಟಾದರೆ ಒರಿಜಿನಲ್ ಅಂತ ಅಂದುಕೊಳ್ಳಬಹುದಾ? ವಾಪಸ್ ಕಳಿಸಲು ಐದು ದಿನ ಟೈಮ್ ಇದೆ.

ಉತ್ತರ:

ಅಂದುಕೊಳ್ಳಬೇಡಿ. ಆ ಸೈಟ್ ನಿಮ್ಮ ನಂಬರನ್ನು ಯಾವ ಪಟ್ಟಿಯಲ್ಲೂ ಹುಡುಕುವುದಿಲ್ಲ. ಬರೀ ಲೆಕ್ಕ ಮಾಡುತ್ತದೆ. ಈ ವಾಚುಗಳ ಸೀರಿಯಲ್‌ನಲ್ಲಿ ಮೊದಲನೆಯದು ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಒಂದರಿಂದ ಒಂಬತ್ತರವರೆಗೆ ಜನವರಿಯಿಂದ ಸೆಪ್ಟೆಂಬರ್. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ N, ಡಿಸೆಂಬರಿಗೆ D. ನೀವು ಸುಮ್ನೆ ಬಾಯಿಗೆ ಬಂದ ಆರು ಅಂಕಿ ಹಾಕಿದರೂ ಅದು ಒಂದು ತಿಂಗಳು, ಒಂದು ವರ್ಷ ಹೇಳಿಯೇ ಹೇಳುತ್ತದೆ. ಮೇಲಾಗಿ ದಶಕ ಯಾವುದು ಅಂತ ನಂಬರಿನಲ್ಲಿ ಇಲ್ಲವೇ ಇಲ್ಲ. ಮೊದಲ ಅಂಕಿ 7 ಇದ್ದರೆ ಅದು 1997 ಆಗಬಹುದು, 2007 ಅಥವಾ 2017 ಕೂಡ ಆಗಬಹುದು. SKX007 ಬಂದದ್ದು 1996ರಲ್ಲಿ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಇದೇ ಮಾಡೆಲ್ ಮಾರುಕಟ್ಟೆಯಲ್ಲಿತ್ತು. ಹಾಗಾಗಿ ಈ ಮೂರೂ ನಡೆಯುತ್ತವೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಆ ನಂಬರ್ ಇರುವುದು ಹಿಂಬದಿಯ ಮುಚ್ಚಳದ ಮೇಲೆ. ಮುಚ್ಚಳ ತಿರುಗಿಸಿ ಬಿಚ್ಚುವಂಥದ್ದು. ಕೆಟ್ಟು ಹೋದ ಒಂದು ಅಸಲಿ ವಾಚಿನ ಮುಚ್ಚಳ ತೆಗೆದು ಬೇರೆ ಕೇಸಿಗೆ ಹಾಕಲು ಎರಡು ನಿಮಿಷ ಸಾಕು. ಅಂದರೆ ಸೀರಿಯಲ್ ನಂಬರ್ ಹೇಳುವುದು ಮುಚ್ಚಳದ ಹುಟ್ಟಿದ ದಿನ, ವಾಚಿನದ್ದಲ್ಲ. ಈ ಮಾಡೆಲಿನಲ್ಲಿ ಪೂರ್ತಿ ನಕಲಿಗಿಂತ ಇಂಥ ಕಲಬೆರಕೆ ಮಾಲೇ ಹೆಚ್ಚು ಕಾಡುತ್ತದೆ. ಇದರ ಡಯಲ್, ಮುಳ್ಳು, ಗಾಜಿನ ಸುತ್ತಲಿನ ಬಳೆಯಾದ ಬೆಜೆಲ್, ಕೇಸ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ಬದಲಾಯಿಸಿದ್ದೇವೆ ಅಂತ ಹೇಳಿ ಮಾರಿದರೆ ಅದೇನೂ ಮೋಸವಲ್ಲ. ಹೇಳದೆ ಒರಿಜಿನಲ್ ಬೆಲೆಗೆ ಮಾರಿದರೆ ಮಾತ್ರ ಮೋಸ.

ನಾನೇ ಹೀಗೆ ಬಿದ್ದಿದ್ದೆ, ಅದನ್ನೇ ಹೇಳುತ್ತೇನೆ.

ನನ್ನದರ ಸೀರಿಯಲ್ 7N ಅಂತ ಶುರುವಾಗುತ್ತಿತ್ತು. ಮಾರುವವರು 2007ರ ವಾಚ್ ಅಂದಿದ್ದರು. ಜೊತೆಗೆ ಬಂದ ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಮೊಹರು, ಪೆನ್ನಿನಲ್ಲಿ ಬರೆದ ತಾರೀಖು. ಜೂನ್ 2007. ಬಾಕ್ಸ್ ನೋಡಿದ ಖುಷಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲೇ ಇಲ್ಲ. ವಾರ ಕಳೆದ ಮೇಲೆ ತಲೆಗೆ ಹೊಳೆಯಿತು. 7N ಅಂದರೆ ನವೆಂಬರ್. ನವೆಂಬರಿನಲ್ಲಿ ತಯಾರಾದ ವಾಚು ಅದೇ ವರ್ಷ ಜೂನ್‌ನಲ್ಲಿ ಹೇಗೆ ಮಾರಾಟವಾಯಿತು? ತಯಾರಾಗಿ ಒಂದೆರಡು ವರ್ಷ ಅಂಗಡಿಯ ಗಾಜಿನೊಳಗೇ ಇದ್ದು ಆಮೇಲೆ ಮಾರಾಟವಾಗುವುದು ಉಂಟು. ಅದರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ. ಹುಟ್ಟುವ ಮೊದಲೇ ಮಾರಾಟವಾಗುವುದು ಮಾತ್ರ ಸಾಧ್ಯವಿಲ್ಲ, ಅಲ್ವಾ? ಕೇಳಿದರೆ "ಅಂಗಡಿಯವರು ತಿಂಗಳು ತಪ್ಪು ಬರೆದಿರಬೇಕು ಸಾರ್" ಅಂದರು. ಇರಬಹುದು ಅಂತ ನಾನೂ ಸುಮ್ಮನಾದೆ.

ನೀವು ಮೊದಲು ಈ ಹೊಂದಾಣಿಕೆ ನೋಡಿ. ಮುಚ್ಚಳದ ಮೇಲೆ 7S26-0020 ಅಂತ ಇರಬೇಕು. ಮೊದಲ ಭಾಗ ಒಳಗಿನ ಮಷಿನ್‌ನದು, ಎರಡನೆಯದು ಕೇಸಿನದು. ಕಾರ್ಡಿನಲ್ಲಿ ಸೀರಿಯಲ್ ಬರೆದಿದ್ದರೆ ಅಂಕಿ ಅಂಕಿ ಹೋಲಿಸಿ. ಬರೆಯುವ ಜಾಗ ಖಾಲಿ ಇದ್ದರೆ, ಅಥವಾ ಮೊಹರು ಮಾತ್ರ ಇದ್ದು ಬೇರೇನೂ ಇಲ್ಲದಿದ್ದರೆ, ಆ ಕಾರ್ಡ್ ಯಾವ ವಾಚಿನದ್ದೂ ಆಗಿರಬಹುದು. ಖಾಲಿ ಕಾರ್ಡು, ಖಾಲಿ ಬಾಕ್ಸು ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತವೆ. ನನ್ನನ್ನು ಕೇಳಿದರೆ ಬಾಕ್ಸಿಗೆ ಒಂದು ಪೈಸೆಯ ಬೆಲೆಯನ್ನೂ ಕೊಡಬಾರದು.

ಈಗ ನಿಜವಾದ ಪರೀಕ್ಷೆಗೆ ಬರೋಣ. ಇದಕ್ಕೆ ಯಾವ ಉಪಕರಣವೂ ಬೇಡ.

7S26 ಮಷಿನ್‌ನಲ್ಲಿ ಎರಡು ಸೌಲಭ್ಯ ಇಲ್ಲ. ಸಮಯ ಇಡಲು ತಿರುಗಿಸುವ ಪಕ್ಕದ ಗುಂಡಿ, ಅಂದರೆ ಕ್ರೌನ್ ಎಳೆದರೆ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಕ್ರೌನ್ ತಿರುಗಿಸಿ ಕೀ ಕೊಡಲೂ ಆಗುವುದಿಲ್ಲ. ಕೈಗೆ ಕಟ್ಟಿ ಓಡಾಡಿದರೆ, ಇಲ್ಲವೇ ಅಲ್ಲಾಡಿಸಿದರೆ ಮಾತ್ರ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಹೊಸ ಕಾಲದವರಿಗೆ ಇದು ಕೊರತೆ ಅನ್ನಿಸುತ್ತದೆ. ಅದಕ್ಕೇ ಜನ ಅದನ್ನು ತೆಗೆದು NH36 ಎಂಬ ಮಷಿನ್ ಹಾಕಿಸುತ್ತಾರೆ. ಅದರಲ್ಲೂ ವಾರ, ತಾರೀಖು ಎರಡೂ ಇವೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅದರಲ್ಲಿ ಮುಳ್ಳು ನಿಲ್ಲುತ್ತದೆ, ಕೀ ಕೂಡ ಕೊಡಬಹುದು.

ವಾಚನ್ನು ಮೇಜಿನ ಮೇಲಿಡಿ. ನಾಲ್ಕರ ಹತ್ತಿರ ಇರುವ ಕ್ರೌನನ್ನು ಎಡಕ್ಕೆ ತಿರುಗಿಸಿ ಸಡಿಲ ಮಾಡಿ. ಪೂರ್ತಿ ಬಿಚ್ಚಿಕೊಂಡಾಗ ಅದು ಚೂರು ಹೊರಗೆ ಬರುತ್ತದೆ. ಆಮೇಲೆ ಎರಡು ಹಂತ ಎಳೆಯಿರಿ. ಒಂದು ಹಂತ ವಾರ, ತಾರೀಖಿಗೆ, ಎರಡನೆಯದು ಸಮಯಕ್ಕೆ. ಎಳೆದ ಮೇಲೆ ಕೈ ತೆಗೆದುಬಿಡಿ. ಸೆಕೆಂಡ್ ಮುಳ್ಳು ಏನೂ ಆಗದ ಹಾಗೆ ಓಡುತ್ತಲೇ ಇರಬೇಕು. ಇಲ್ಲಿ ಒಂದು ಎಚ್ಚರ. ಕ್ರೌನನ್ನು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿ ಹಿಡಿದರೆ ಅಸಲಿ 7S26ನಲ್ಲೂ ಸೆಕೆಂಡ್ ಮುಳ್ಳು ನಿಂತುಬಿಡುತ್ತದೆ. ಅದು ಬೇರೆ ಕಾರಣಕ್ಕೆ, ಹಲ್ಲುಗಳ ಮೇಲೆ ಹಿಮ್ಮುಖ ಒತ್ತಡ ಬಿದ್ದು. ಅದಕ್ಕೇ ಕೈ ತೆಗೆದು ನೋಡಿ ಅಂದದ್ದು.

ಕೀ ಪರೀಕ್ಷೆಗೆ ವಾಚನ್ನು ಎರಡು ಮೂರು ದಿನ ಮುಟ್ಟದೆ ಇಡಿ, ತಾನಾಗಿ ನಿಲ್ಲಲಿ. ನಿಂತ ಮೇಲೆ ಕ್ರೌನ್ ಸಡಿಲ ಮಾಡಿ, ಎಳೆಯದೆ, ವಾಚನ್ನು ಅಲ್ಲಾಡಿಸದೆ ಬಲಕ್ಕೆ ಇಪ್ಪತ್ತು ಸುತ್ತು ತಿರುಗಿಸಿ. ಬೆರಳಿಗೆ ಕರಕರ ಅಂತ ಹಲ್ಲು ಸಿಕ್ಕಿದ ಹಾಗೆ ಅನ್ನಿಸಿ ವಾಚು ಓಡಲು ಶುರುವಾದರೆ ಒಳಗಿರುವುದು 7S26 ಅಲ್ಲ. ನನ್ನದು ಹೀಗೇ ಓಡಿತು. ಮುಳ್ಳೂ ನಿಂತಿತು. ಕಾರ್ಡಿನ ತಿಂಗಳ ಬಗ್ಗೆ ಸಮಾಧಾನ ಮಾಡಿಕೊಂಡಿದ್ದೆನಲ್ಲ, ಅದು ಅಲ್ಲಿಗೆ ಮುಗಿಯಿತು.

ಆ ಮೇಲೆ ಡಯಲ್ ನೋಡಲು ಕೂತೆ. ಲೆನ್ಸ್ ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿದರೂ ಸಾಕು. ಈ ಮಾಡೆಲಿನ ಸೆಕೆಂಡ್ ಮುಳ್ಳಿನಲ್ಲಿ ಕತ್ತಲಲ್ಲಿ ಹೊಳೆಯುವ ಚುಕ್ಕೆ ಇರುವುದು ಉದ್ದನೆಯ ತುದಿಯಲ್ಲಲ್ಲ, ಹಿಂದಿನ ಗಿಡ್ಡ ಬಾಲದಲ್ಲಿ. ಕತ್ತಲಲ್ಲಿ ನೋಡಿದರೆ ಅರ್ಧ ನಿಮಿಷ ಆಚೀಚೆ ತೋರಿಸಿದ ಹಾಗೆ ಕಾಣುತ್ತದೆ! ಬೇರೆ ಮುಳ್ಳು ಹಾಕಿದ್ದರೆ ಎಷ್ಟೋ ಸಲ ಚುಕ್ಕೆ ಮುಂದಿನ ತುದಿಯಲ್ಲಿರುತ್ತದೆ. ನನ್ನದರಲ್ಲಿ ಮುಳ್ಳು ಸರಿಯಾಗಿತ್ತು, ಅಕ್ಷರಗಳು ಕೈಕೊಟ್ಟಿದ್ದವು. ಹಿಗ್ಗಿಸಿದಾಗ ಬಿಳಿ ಬಣ್ಣದ ಅಂಚು ಒದ್ದೆ ಕಾಗದದ ಮೇಲೆ ಮಸಿ ಹರಡಿದ ಹಾಗಿತ್ತು. ಹೊಳೆಯುವ ಬಣ್ಣ ಒಂದು ಬಿಳಿ ಸುತ್ತಿನಲ್ಲಿ ತುಂಬಿ, ಪಕ್ಕದ್ದರಲ್ಲಿ ಅಂಚು ಮುಟ್ಟದೆ ನಿಂತಿತ್ತು.

ಒಂದು ವಿಷಯಕ್ಕೆ ಮಾತ್ರ ಗಾಬರಿಯಾಗಬೇಡಿ. ಡಯಲ್ ಸುತ್ತ ನಿಮಿಷದ ಗೆರೆಗಳಿರುವ ಒಳಬಳೆ ಇದೆಯಲ್ಲ, ಅದು ಹನ್ನೆರಡರ ಗುರುತಿಗೆ ನೇರವಾಗಿ ಕೂರದೆ ಸ್ವಲ್ಪ ಓರೆಯಾಗಿದ್ದರೆ ಅದು ನಕಲಿಯ ಲಕ್ಷಣವಲ್ಲ. ಕಾರ್ಖಾನೆಯಿಂದಲೇ ಹಾಗೆ ಬಂದ ಅಸಲಿ ಸೀಕೋಗಳು ಬೇಕಾದಷ್ಟಿವೆ. ಹಾಗೆಯೇ ದಿನಕ್ಕೆ ಹತ್ತು ಹದಿನೈದು ಸೆಕೆಂಡ್ ಮುಂದೆ ಓಡಿದರೂ ಈ ಮಷಿನ್‌ಗೆ ಅದು ಮಾಮೂಲು.

ಇಷ್ಟರಲ್ಲಿ ನಿಮ್ಮದು ಪಾಸಾದರೆ ಕೊನೆಯದಾಗಿ ಮುಚ್ಚಳ ತೆಗೆಸಿ. ನೀವೇ ತೆಗೆಯಲು ಹೋಗಬೇಡಿ. ಗೀರು ಬಿದ್ದರೆ "ನೀವೇ ಒಳಗಿನದು ಬದಲಾಯಿಸಿದ್ದೀರಿ" ಅನ್ನಲು ಮಾರಿದವರಿಗೆ ನೆಪ ಸಿಗುತ್ತದೆ. ತೆಗೆಸಿದರೆ ವಾಪಸ್ ತಗೊಳ್ಳುತ್ತಾರಾ ಅಂತ ಮೊದಲು ಬರಹದಲ್ಲೇ ಕೇಳಿಟ್ಟುಕೊಳ್ಳಿ. ಆಮೇಲೆ ರಿಪೇರಿಯವರ ಹತ್ತಿರ ಹೋಗಿ, ತೆಗೆಯುವುದನ್ನು ನಿಲ್ಲಿಸದೆ ವಿಡಿಯೋ ಮಾಡಿ. ಒಳಗೆ 7S26 ಜೊತೆ A, B ಅಥವಾ C ಅಂತ ಅಕ್ಷರ ಇರುತ್ತದೆ. A ಎಲ್ಲಕ್ಕಿಂತ ಹಳೆಯದು, C ಕೊನೆಯದು. ದಶಕದ ಗೊಂದಲ ಬಗೆಹರಿಯುವುದು ಇಲ್ಲೇ. 1997ರ ವಾಚ್ ಅಂತ ಮಾರಿದ್ದರಲ್ಲಿ C ಇದ್ದರೆ ಮಷಿನ್ ಬದಲಾಗಿದೆ, ಇಲ್ಲವೇ ವರ್ಷ ಸುಳ್ಳು. ಮುಚ್ಚಳ ಮತ್ತೆ ಹಾಕಿದ ಮೇಲೆ, ನೀರು ತಡೆಯುವ ಪರೀಕ್ಷೆ ಮಾಡಿಸದೆ ನೀರಿಗಿಳಿಸಬೇಡಿ. 200 ಮೀಟರ್ ಅಂತ ಬರೆದಿರುವುದು ಹೊಸದಾಗಿದ್ದಾಗಿನ ಮಾತು.

ಹಾಂ, ಮಾರುವವರು ಹಾಕಿದ್ದ ಫೋಟೋಗಳನ್ನು ಇವತ್ತೇ ಇಳಿಸಿಟ್ಟುಕೊಳ್ಳಿ, ಜಾಹೀರಾತು ತೆಗೆದುಬಿಟ್ಟರೆ ಸಿಗುವುದಿಲ್ಲ. ಫೋಟೋದಲ್ಲಿರುವ ಗೀರುಗಳು ನಿಮ್ಮ ಕೈಲಿರುವ ವಾಚಿನಲ್ಲಿ ಅದೇ ಜಾಗದಲ್ಲಿವೆಯಾ ನೋಡಿ. ಬೆಜೆಲಿನ ಅಂಚು, ಪಟ್ಟಿ ಸಿಕ್ಕಿಸುವ ಕೊಂಬುಗಳ ಒಳಮೈ ಇದಕ್ಕೆ ಒಳ್ಳೆಯ ಜಾಗ. ಆ ಚಿತ್ರಗಳನ್ನೇ ಇಮೇಜ್ ಸರ್ಚಿಗೆ ಹಾಕಿ. ಅದೇ ವಾಚು ಬೇರೆ ಹೆಸರಿನಲ್ಲಿ, ಬೇರೆ ಸೀರಿಯಲ್‌ನಲ್ಲಿ ಸಿಕ್ಕಿದರೆ ಇನ್ನೇನೂ ಪರೀಕ್ಷೆ ಬೇಡ. ಮುಂದೆ ಯಾವತ್ತಾದರೂ ಇನ್ನೊಂದು ತಗೊಳ್ಳುವಾಗ ದುಡ್ಡು ಕೊಡುವ ಮೊದಲೇ "ಮುಳ್ಳು 4:37ಕ್ಕೆ ಇಟ್ಟು, ಕ್ರೌನ್ ಎಳೆದು, ಇಪ್ಪತ್ತು ಸೆಕೆಂಡ್ ವಿಡಿಯೋ ಕಳಿಸಿ" ಅಂತ ಕೇಳಿ. ಹಳೆಯ ಫೋಟೋ ಕದ್ದು ಹಾಕಿದವರು ಅದನ್ನು ಕಳಿಸಲಾರರು.

ನನ್ನ ಕಥೆಯಲ್ಲಿ ಕೆಲಸಕ್ಕೆ ಬಂದದ್ದೂ ಅಂಥದೇ ವಿಡಿಯೋ. ಕ್ರೌನ್ ಎಳೆದಾಗ ಮುಳ್ಳು ನಿಂತದ್ದು, ಪಕ್ಕದಲ್ಲಿ 7S26 ಅಂತ ಬರೆದ ಅವರದೇ ಜಾಹೀರಾತು. ಅಕ್ಷರದ ಅಂಚು, ಕಾರ್ಡಿನ ತಿಂಗಳು ಇವಕ್ಕೆಲ್ಲ ಅವರ ಹತ್ತಿರ ಉತ್ತರ ಇತ್ತು. ಇದಕ್ಕೆ ಇರಲಿಲ್ಲ. ದುಡ್ಡು ವಾಪಸ್ ಬಂತು, ಕೊರಿಯರ್ ಖರ್ಚು ಮಾತ್ರ ನನ್ನ ತಲೆಗೆ.