ಆಕ್ಷನ್ ಪೊಟೆನ್ಷಿಯಲ್ ಇಳಿಯುವ ಹಂತಕ್ಕೆ ಪಂಪ್ ಏಕೆ ಸರಿಯುತ್ತರವಲ್ಲ?

ಪ್ರಶ್ನೆ: ರೀಪೋಲರೈಸೇಶನ್‌ಗೆ ಕಾರಣ ಕೇಳಿದಾಗ ನಾನು ಸೋಡಿಯಂ–ಪೊಟ್ಯಾಸಿಯಂ ಪಂಪ್ ಎಂಬ ಆಯ್ಕೆಯನ್ನು ಗುರುತಿಸಿದೆ, ತಪ್ಪಾಯಿತು. ಏಕೆ? ವಹನದ ವೇಗಕ್ಕೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಪಂಪ್ ಬಹಳ ನಿಧಾನ. ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ನಡೆದುಹೋಗುವ ಇಳಿಕೆಯನ್ನು ಅದು ಉಂಟುಮಾಡಲಾರದು. ಪಂಪನ್ನು ವಿಷದಿಂದ ನಿಲ್ಲಿಸಿದ ಸ್ಕ್ವಿಡ್ ನರತಂತು ಕೂಡ ಬಹಳ ಹೊತ್ತು ಆಕ್ಷನ್ ಪೊಟೆನ್ಷಿಯಲ್‌ಗಳನ್ನು ಹೊಮ್ಮಿಸುತ್ತಲೇ ಇರುತ್ತದೆ. ಅಯಾನುಗಳ ಸಾಂದ್ರತೆಯ ವ್ಯತ್ಯಾಸವನ್ನು ದೀರ್ಘಕಾಲ ಕಾಯ್ದುಕೊಳ್ಳುವುದಷ್ಟೇ ಪಂಪಿನ ಕೆಲಸ.

ಪೊರೆಯ ವಿಭವ −70ರಿಂದ ಸುಮಾರು −55 ಮಿಲಿವೋಲ್ಟಿಗೆ ಏರಿದಾಗ ಸೋಡಿಯಂ ಚಾನೆಲ್‌ಗಳ ಒಂದು ಬಾಗಿಲು ಥಟ್ಟನೆ ತೆರೆದು, ವಿಭವ +30ರ ಆಸುಪಾಸಿಗೆ ನೆಗೆಯುತ್ತದೆ. ಅದೇ ಏರಿಕೆ ಒಳಗಿನ ಇನ್ನೊಂದು ಬಾಗಿಲನ್ನು ಕೊಂಚ ತಡವಾಗಿ ಮುಚ್ಚಿಸುತ್ತದೆ, ಪೊಟ್ಯಾಸಿಯಂ ಚಾನೆಲ್‌ಗಳನ್ನೂ ತಡವಾಗಿ ತೆರೆಸುತ್ತದೆ. ಸೋಡಿಯಂ ಒಳಬರುವುದು ನಿಂತು ಪೊಟ್ಯಾಸಿಯಂ ಹೊರಹೋಗುವುದರಿಂದ ವಿಭವ ಇಳಿಯುತ್ತದೆ. ಆಯ್ಕೆಗಳಲ್ಲಿ ಇವೆರಡರಲ್ಲಿ ಒಂದೇ ಇದ್ದರೆ ಅದನ್ನೇ ಗುರುತಿಸಬೇಕು.

ಒಳಬಾಗಿಲು ಮುಚ್ಚಿರುವವರೆಗೆ ಎಷ್ಟೇ ಪ್ರಬಲ ಪ್ರಚೋದನೆಯೂ ಆ ಜಾಗವನ್ನು ಮತ್ತೆ ಉದ್ದೀಪಿಸಲಾರದು. ಆದ್ದರಿಂದಲೇ ಅಲೆ ಹಿಂದಕ್ಕೆ ತಿರುಗದೆ ಮುಂದಕ್ಕೇ ಸಾಗುತ್ತದೆ. ಆದರೆ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ತಂತುವಿನ ದಪ್ಪ ಮತ್ತು ಮಯಲಿನ್ ಹೊದಿಕೆ. ಮಯಲಿನ್ ಇಲ್ಲದ, ಅರ್ಧ ಮಿಲಿಮೀಟರ್ ದಪ್ಪದ ಸ್ಕ್ವಿಡ್ ತಂತುವಿನಲ್ಲಿ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. ಅದರ 25ನೇ ಒಂದು ಭಾಗದಷ್ಟು ದಪ್ಪವಿರುವ, ಮಯಲಿನ್ ಹೊದ್ದ ಸಸ್ತನಿ ತಂತುವಿನಲ್ಲಿ ಸುಮಾರು 120 ಮೀಟರ್. ಪ್ರಚೋದನೆಯನ್ನು ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂಬ ಆಯ್ಕೆ ಕಂಡರೆ ಅದನ್ನು ಬಿಟ್ಟುಬಿಡಿ.