ಪಾಠ ಕತ್ತರಿಸಬೇಡಿ, ಓದುವ ಭಾರ ಇಳಿಸಿ

ಬಂದ ಪತ್ರ

ನಮಸ್ಕಾರ ಸಂಪಾದಕರೇ. ನಾನು ಕಾಸರಗೋಡಿನ ಪೆರ್ಲದ ಹತ್ತಿರ ಮಕ್ಕಳಿಗೆ ಟ್ಯೂಷನ್ ಕೊಡುತ್ತೇನೆ. ಏಳನೇ ಕ್ಲಾಸಿನ ಒಬ್ಬ ಹುಡುಗನಿಗೆ ಡಿಸ್ಲೆಕ್ಸಿಯಾ ಇದೆ. ಅವನಿಗಾಗಿ ಜೀರ್ಣಕ್ರಿಯೆಯ ಪಾಠವನ್ನು ಎರಡು ಪುಟಕ್ಕೆ ಇಳಿಸಿ, ಬಣ್ಣ, ಚಿತ್ರ ಹಾಕಿ ಚಂದ ಮಾಡಿದ್ದೇನೆ. ಆದರೂ ಅವನು ಮೊದಲ ಪ್ಯಾರಾ ದಾಟಲಿಲ್ಲ. ಇದನ್ನು ನಿಮ್ಮ ಪತ್ರಿಕೆಯಲ್ಲಿ ಹಾಕಬಹುದಾ? ಏನು ತಿದ್ದಬೇಕು? ಮುಚ್ಚುಮರೆ ಇಲ್ಲದೆ ಹೇಳಿ.

ಸಂಪಾದಕರ ಉತ್ತರ

ನಮಸ್ಕಾರ ಟೀಚರ್.

ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನೀವು ಪಾಠದ ವಿಷಯವನ್ನು ಕತ್ತರಿಸಿದ್ದೀರಿ, ಓದುವ ಭಾರವನ್ನು ಹಾಗೇ ಉಳಿಸಿದ್ದೀರಿ. ಆಗಬೇಕಾದದ್ದು ಇದರ ಉಲ್ಟಾ.

ಡಿಸ್ಲೆಕ್ಸಿಯಾ ಇರುವ ಮಗುವಿಗೆ ಕಷ್ಟ ಇರುವುದು ಅಕ್ಷರವನ್ನು ಸದ್ದಿಗೆ ಜೋಡಿಸುವಲ್ಲಿ. ಬುದ್ಧಿಗೂ ಅದಕ್ಕೂ ಸಂಬಂಧ ಇಲ್ಲ. ಪಿತ್ತರಸ ಕೊಬ್ಬನ್ನು ಏನು ಮಾಡುತ್ತದೆ ಎಂದು ನೀವು ಬಾಯಲ್ಲಿ ಹೇಳಿದರೆ ಆ ಹುಡುಗ ಬೇರೆಯವರ ಹಾಗೆಯೇ ಅರ್ಥ ಮಾಡಿಕೊಳ್ಳಬಹುದು. ಆದರೆ ನಿಮ್ಮ ಬರಹದಲ್ಲಿ ಪಿತ್ತರಸವೇ ಇಲ್ಲ. ಸಣ್ಣ ಕರುಳಿನಲ್ಲಿ ಆಹಾರ ಹೀರುವ ವಿಲ್ಲೈಗಳೂ ಇಲ್ಲ. ಕಷ್ಟ ಆಗಬಾರದು ಅಂತ ಬಿಟ್ಟಿರಬೇಕು. ಪರೀಕ್ಷೆಯಲ್ಲಿ ಪಕ್ಕದ ಹುಡುಗನಿಗೆ ಬರುವ ಪ್ರಶ್ನೆಯೇ ಇವನಿಗೂ ಬರುತ್ತದೆ, ಅಲ್ವಾ? ಆ ಎರಡನ್ನೂ ವಾಪಸ್ ತನ್ನಿ.

ಈಗ ಅವನು ನಿಂತುಹೋದ ಆ ಮೊದಲ ಪ್ಯಾರಾ ನೋಡೋಣ. ನೀವು ಬರೆದದ್ದು ಹೀಗಿದೆ:

*ಬಾಯಿಯಲ್ಲಿ ಚೆನ್ನಾಗಿ ಅಗಿಯಲ್ಪಟ್ಟು ಲಾಲಾರಸದೊಂದಿಗೆ ಮಿಶ್ರಣಗೊಂಡು ಭಾಗಶಃ ಜೀರ್ಣಗೊಂಡ ಆಹಾರವು ಅನ್ನನಾಳದ ಮೂಲಕ ಉದರವನ್ನು ಪ್ರವೇಶಿಸುತ್ತದೆ.*

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ನಾವು ಸರಾಗ ಓದುವವರು ಆ ಕೊನೆಯ ತನಕ ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಳ್ಳುತ್ತೇವೆ. ಈ ಹುಡುಗ ಒಂದೊಂದು ಪದವನ್ನೂ ಅಕ್ಷರ ಅಕ್ಷರವಾಗಿ ಬಿಡಿಸಬೇಕು. 'ಪ್ರವೇಶಿಸುತ್ತದೆ' ಎಂಬಲ್ಲಿಗೆ ಬರುವಾಗ 'ಬಾಯಿಯಲ್ಲಿ' ಮರೆತುಹೋಗಿರುತ್ತದೆ. 'ಅಗಿಯಲ್ಪಟ್ಟು', 'ಮಿಶ್ರಣಗೊಂಡು', 'ಜೀರ್ಣಗೊಂಡ' ಎಂಬ ಅರ್ಧ ಕ್ರಿಯೆಗಳು ಸಾಲಾಗಿ ಬಂದರೆ ಆ ವಾಕ್ಯ ಅವನಿಗೆ ಮುಗಿಯುವುದೇ ಇಲ್ಲ. ಅದರ ಮೇಲೆ ಅಲ್ಪಟ್ಟು, ಮಿಶ್ರ, ಜೀರ್ಣ, ಪ್ರವೇಶ ಎಂದು ಒತ್ತಕ್ಷರಗಳ ಗುಂಪು ಬೇರೆ.

ಒಂದು ವಾಕ್ಯದಲ್ಲಿ ಒಂದು ಕೆಲಸ ಮಾತ್ರ ನಡೆಯಲಿ. ಮಾಡುವವರು ಮೊದಲು ಬರಲಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

ಬಾಯಿಯಲ್ಲಿ

ಹಲ್ಲು ಆಹಾರವನ್ನು ಅಗಿಯುತ್ತದೆ.
ಬಾಯಿಯಲ್ಲಿ ಜೊಲ್ಲು ಬರುತ್ತದೆ.
ಪಾಠದಲ್ಲಿ ಇದರ ಹೆಸರು ಲಾಲಾರಸ.
ಅನ್ನದಲ್ಲಿ ಪಿಷ್ಟ ಇದೆ.
ಲಾಲಾರಸ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ.
ಹಾಗಾಗಿ ಅನ್ನವನ್ನು ತುಂಬ ಹೊತ್ತು ಅಗಿದರೆ ಸಿಹಿ ಅನಿಸುತ್ತದೆ.

ಸಾಲು ಜಾಸ್ತಿ ಆಯಿತು, ನಿಜ. ಆದರೆ ನಿಮ್ಮ ವಾಕ್ಯದಲ್ಲಿ 'ಭಾಗಶಃ ಜೀರ್ಣ' ಎಂದಷ್ಟೇ ಇತ್ತು, ಯಾವುದು ಹೇಗೆ ಎಂದು ಇರಲಿಲ್ಲ. ಇಲ್ಲಿ ಅದೂ ಬಂದಿದೆ. ಹುಡುಗ ಮನೆಯಲ್ಲಿ ಕುಚ್ಚಲಕ್ಕಿ ಅನ್ನ ಅಗಿದು ನೋಡಿ ತಿಳಿದುಕೊಳ್ಳಬಹುದು. ಸಾರಾಂಶ ಅಂದರೆ ಪುಟ ಕಡಿಮೆ ಆಗಲೇಬೇಕು ಎಂಬ ಹಟ ಇಂಥ ಮಕ್ಕಳ ವಿಷಯದಲ್ಲಿ ಬೇಡ. ಎರಡು ಪುಟ ನಾಲ್ಕಾದರೂ ಪರವಾಗಿಲ್ಲ.

ಜಠರದ ಭಾಗದಲ್ಲಿ ನೀವು ಇನ್ನೊಂದು ತುದಿಗೆ ಹೋಗಿದ್ದೀರಿ. 'ಜಠರ → ಆಮ್ಲ → ಕ್ರಿಮಿ ನಾಶ. ಪೆಪ್ಸಿನ್ → ಪ್ರೋಟೀನ್.' ಇದನ್ನು ಚಿಕ್ಕ ವಾಕ್ಯ ಎನ್ನಲಾಗದು, ಇಲ್ಲಿ ವಾಕ್ಯವೇ ಇಲ್ಲ. ಅಕ್ಷರ ಬಿಡಿಸಲು ಕಷ್ಟಪಡುವ ಮಗು ಮುಂದಿನ ಪದ ಏನಿರಬಹುದು ಎಂದು ಸುತ್ತಲಿನ ಮಾತಿನಿಂದ ಊಹಿಸುತ್ತದೆ. ಅದು ಅವನಿಗಿರುವ ದೊಡ್ಡ ಆಸರೆ. ಬಾಣದ ಗುರುತು ಹಾಕಿ ನೀವು ಅದನ್ನೂ ಕಿತ್ತುಕೊಂಡಿರಿ. ಪೆಪ್ಸಿನ್ ಪ್ರೋಟೀನನ್ನು ಮಾಡುತ್ತದೋ, ಒಡೆಯುತ್ತದೋ, ಅದೇ ಪ್ರೋಟೀನೋ, ಅವನಿಗೆ ಹೇಗೆ ತಿಳಿಯಬೇಕು? ಪೂರ್ತಿ ಹೇಳಿ: 'ಜಠರದಲ್ಲಿ ಆಮ್ಲ ಬರುತ್ತದೆ. ಆಮ್ಲ ಆಹಾರದಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆ. ಜಠರದಲ್ಲಿ ಪೆಪ್ಸಿನ್ ಕೂಡ ಇದೆ. ಪೆಪ್ಸಿನ್ ಪ್ರೋಟೀನನ್ನು ಒಡೆಯುತ್ತದೆ. ಆಮ್ಲ ಇದ್ದರೆ ಮಾತ್ರ ಪೆಪ್ಸಿನ್ ಕೆಲಸ ಮಾಡುತ್ತದೆ.' ಕೊನೆಯ ವಾಕ್ಯದಿಂದ ಎರಡೂ ಸಂಗತಿಗಳು ಒಂದಕ್ಕೊಂದು ಅಂಟುತ್ತವೆ. ಚಿಕ್ಕದು ಮಾಡುವ ಭರದಲ್ಲಿ ಮೊದಲು ಬಿದ್ದುಹೋಗುವುದು 'ಹಾಗಾಗಿ', 'ಯಾಕೆಂದರೆ', 'ಆದರೆ' ಎಂಬ ಇಂಥ ಕೊಂಡಿಗಳೇ. ಅವನ್ನು ಉಳಿಸಿಕೊಳ್ಳಿ.

ಹೆಸರುಗಳ ವಿಷಯ. ಒಂದೇ ಅಂಗವನ್ನು ನೀವು ಒಂದು ಕಡೆ ಜಠರ, ಇನ್ನೊಂದು ಕಡೆ ಉದರ, ಮತ್ತೊಂದು ಕಡೆ ಹೊಟ್ಟೆ ಎಂದಿದ್ದೀರಿ. ಪ್ರಬಂಧ ಬರೆಯುವಾಗ ಒಂದೇ ಪದ ಮತ್ತೆ ಮತ್ತೆ ಬರಬಾರದು ಎಂದು ಶಾಲೆಯಲ್ಲಿ ನಮಗೆಲ್ಲ ಕಲಿಸಿದ್ದಾರೆ. ಇಲ್ಲಿ ಆ ಪಾಠ ಬಿಟ್ಟುಬಿಡಿ. ಹೊಸ ಪದ ಬಂದಷ್ಟೂ ಹೊಸದಾಗಿ ಬಿಡಿಸುವ ಕೆಲಸ. ಪಠ್ಯಪುಸ್ತಕದಲ್ಲಿ ಜಠರ ಎಂದಿದ್ದರೆ ಕೊನೆಯ ತನಕ ಜಠರವೇ ಇರಲಿ. ನಾಲ್ಕನೇ ಸಲ ಬರುವಾಗ ಅವನ ಕಣ್ಣಿಗೆ ಅದರ ಗುರುತು ಸಿಕ್ಕಿರುತ್ತದೆ.

'ಜೀರ್ಣ' ಎಂಬ ಪದಕ್ಕೆ ಸ್ವಲ್ಪ ಜಾಸ್ತಿ ಗಮನ ಬೇಕು. ಇದರಲ್ಲಿ ಅರ್ಕಾವೊತ್ತು ಇದೆ. ಬಾಯಲ್ಲಿ ರಕಾರ ಮೊದಲು, ಣಕಾರ ಆಮೇಲೆ. ಬರವಣಿಗೆಯಲ್ಲಿ ರಕಾರದ ಗುರುತು ಣ ಆದ ಮೇಲೆ ನಿಲ್ಲುತ್ತದೆ. ಕಂಡ ಕ್ರಮದಲ್ಲೇ ಓದುವ ಮಗು ಇದನ್ನು 'ಜೀಣರ್' ಎನ್ನುತ್ತದೆ. ಪರೀಕ್ಷೆಗೆ ಬೇಕಾದ ಪದ, ಬಿಡಲಿಕ್ಕೆ ಆಗುವುದಿಲ್ಲ. ಹಾಗಾಗಿ ಪುಟದ ಮೇಲ್ಗಡೆ ನಾಲ್ಕೈದು ಕಷ್ಟದ ಪದಗಳನ್ನು ದೊಡ್ಡದಾಗಿ, ಒಂದು ಸಾಲಿಗೆ ಒಂದರಂತೆ ಬರೆಯಿರಿ. ಪಾಠ ಶುರು ಮಾಡುವ ಮೊದಲು ಅವನ್ನು ನೀವೇ ಗಟ್ಟಿಯಾಗಿ ಹೇಳಿ, ಅವನಿಂದ ಹೇಳಿಸಿ. ಆಮೇಲೆ ಪಾಠದ ಒಳಗೆ ಆದಷ್ಟು 'ಒಡೆಯುತ್ತದೆ' ಎಂದೇ ಬರೆಯಿರಿ.

ಶೀರ್ಷಿಕೆಗಳು. 'ಪೀಠಿಕೆ', 'ಮಹತ್ವ', 'ವಿವಿಧ ಹಂತಗಳು' ಎಂದು ಹಾಕಿದ್ದೀರಿ. ಇವು ಯಾವ ಪಾಠಕ್ಕೂ ಒಪ್ಪುತ್ತವೆ, ಹಾಗಾಗಿ ದಾರಿ ತೋರಿಸುವುದಿಲ್ಲ. ಈ ಪಾಠದಲ್ಲಿ ಆಹಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ. ಆ ಜಾಗಗಳ ಹೆಸರೇ ಶೀರ್ಷಿಕೆ ಆಗಲಿ: ಬಾಯಿಯಲ್ಲಿ, ಅನ್ನನಾಳದಲ್ಲಿ, ಜಠರದಲ್ಲಿ, ಸಣ್ಣ ಕರುಳಿನಲ್ಲಿ, ದೊಡ್ಡ ಕರುಳಿನಲ್ಲಿ. ಐದು ಸಾಕು. ಬರೀ ಶೀರ್ಷಿಕೆ ಓದಿದರೂ ಪಾಠದ ಎಲುಬು ಸಿಗುತ್ತದೆ. ಶೀರ್ಷಿಕೆಯ ಮೇಲೆ ಜಾಗ ಜಾಸ್ತಿ, ಕೆಳಗೆ ಕಡಿಮೆ ಬಿಡಿ. ಇಲ್ಲದಿದ್ದರೆ ಅದು ಮೇಲಿನ ಭಾಗಕ್ಕೆ ಸೇರಿದ್ದೋ ಕೆಳಗಿನದಕ್ಕೋ ಗೊತ್ತಾಗುವುದಿಲ್ಲ.

ಇನ್ನು ಪುಟದ ಅಲಂಕಾರ. ಇದಕ್ಕೆ ನೀವು ಎಷ್ಟು ಹೊತ್ತು ಕೂತಿದ್ದೀರಿ ಎಂದು ಕಾಣುತ್ತದೆ. ಆದರೂ ಹೇಳಲೇಬೇಕು, ಹೂವಿನ ಬಾರ್ಡರ್, ಊಟ ಮಾಡುವ ಮಗುವಿನ ಚಿತ್ರ, ಬಣ್ಣದ ಡಬ್ಬಿಗಳು, ಓರೆ ಅಕ್ಷರ, ಅಡಿಗೆರೆ ಎಲ್ಲವನ್ನೂ ತೆಗೆಯಿರಿ. ಅಡಿಗೆರೆಯಂತೂ ಕನ್ನಡದಲ್ಲಿ ನೇರವಾಗಿ ಒತ್ತಕ್ಷರದ ಮೇಲೇ ಹಾದುಹೋಗುತ್ತದೆ. ಒತ್ತು ತ ಆ ಗೆರೆಯಲ್ಲಿ ಮುಳುಗಿದರೆ ಓದುವುದು ಹೇಗೆ? ಮುಖ್ಯ ಪದವನ್ನು ದಪ್ಪ ಅಕ್ಷರದಲ್ಲಿ ತೋರಿಸಿ, ಅದೂ ಮೊದಲ ಸಲ ಬರುವಾಗ ಮಾತ್ರ.

ಬ್ರಿಟಿಷ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ 12ರಿಂದ 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ, ಎಡಕ್ಕೆ ಮಾತ್ರ ಸಮ ಮಾಡಿದ ಸಾಲು, ಅಚ್ಚ ಬಿಳಿಯ ಬದಲು ಕೆನೆ ಬಣ್ಣದ ಹಿನ್ನೆಲೆ ಎಂದು ಸಲಹೆ ಕೊಡುತ್ತದೆ. ಇಂಗ್ಲಿಷಿಗೆ ಹೇಳಿದ್ದು ಅದು. ಕನ್ನಡಕ್ಕೆ 14 ಪಾಯಿಂಟ್‌ಗಿಂತ ಕಡಿಮೆ ಬೇಡ. ಸಾಲಿನ ಅಂತರ ಸಾಕೋ ಎಂದು ಕಣ್ಣಿನಿಂದಲೇ ನೋಡಿ: ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುವಂತಿದ್ದರೆ ಇನ್ನೂ ಹೆಚ್ಚಿಸಿ. ಎರಡೂ ಬದಿ ಸಮ ಮಾಡಿದರೆ ಪದಗಳ ನಡುವೆ ಎಲ್ಲೆಂದರಲ್ಲಿ ಗುಂಡಿ ಬೀಳುತ್ತದೆ, ಅದು ಬೇಡ. ಸಾಲಿನ ಕೊನೆಯಲ್ಲಿ ಪದವನ್ನು ತುಂಡು ಮಾಡುವುದೂ ಬೇಡ. ತೆಳು ಕಾಗದದಲ್ಲಿ ಎರಡೂ ಬದಿ ಫೋಟೋಸ್ಟ್ಯಾಟ್ ತೆಗೆದರೆ ಹಿಂದಿನ ಅಕ್ಷರ ಈಚೆ ಕಾಣುತ್ತದೆ, ಒಂದೇ ಬದಿ ತೆಗೆಸಿ. ಡಿಸ್ಲೆಕ್ಸಿಯಾಕ್ಕೆಂದೇ ಮಾಡಿದ ವಿಶೇಷ ಫಾಂಟ್ ಹುಡುಕಿಕೊಂಡು ಹೋಗಬೇಡಿ. ಅಂಥ ಇಂಗ್ಲಿಷ್ ಫಾಂಟ್‌ಗಳಿಂದ ಓದು ಸುಧಾರಿಸುತ್ತದೆ ಎಂಬುದಕ್ಕೇ ಗಟ್ಟಿ ಆಧಾರ ಸಿಕ್ಕಿಲ್ಲ. ನೋಟೊ ಸ್ಯಾನ್ಸ್ ಕನ್ನಡದಂಥ ಸಾದಾ ಫಾಂಟ್ ಸಾಕು.

ಒಂದು ಚಿತ್ರ ಇರಲಿ, ಅದು ಜೀರ್ಣಾಂಗಗಳ ಗೆರೆಚಿತ್ರ. ಅದರಲ್ಲಿ ಶೀರ್ಷಿಕೆಗಳಲ್ಲಿ ಇರುವ ಹೆಸರುಗಳು ಮತ್ತು ಯಕೃತ್ತು ಮಾತ್ರ ಬರಲಿ. ಹೆಸರುಗಳು ಚಿತ್ರದ ಹೊರಗೆ, ಅಡ್ಡಕ್ಕೆ, ನೇರ ಗೆರೆಯ ತುದಿಯಲ್ಲಿ ಇರಲಿ. ಅದಕ್ಕೆ ಬೇರೆ ಪುಟ ಕೊಡಿ, ಅಕ್ಷರಗಳು ಅದರ ಸುತ್ತ ಹರಿಯುವುದು ಬೇಡ.

ಮೊದಲ ಪುಟದ ತಲೆಬರಹವನ್ನೂ ಬದಲಾಯಿಸಿ. 'ಮಂದ ಕಲಿಕೆಯ ಮಕ್ಕಳಿಗೆ ಸರಳ ಪಾಠ' ಎಂಬ ಹಾಳೆಯನ್ನು ಕ್ಲಾಸಿನಲ್ಲಿ ಎಲ್ಲರೆದುರು ಯಾವ ಮಗು ಹೊರತೆಗೆಯುತ್ತದೆ? ಅದು ತಪ್ಪು ಮಾತು, ನೋವಿನ ಮಾತು ಕೂಡ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾವನ್ನು ನಿರ್ದಿಷ್ಟ ಕಲಿಕಾ ಅಸಾಮರ್ಥ್ಯ ಎಂದು ಸೇರಿಸಿದ್ದಾರೆ. ಹಾಳೆಯ ಮೇಲೆ ಅದೂ ಬೇಡ, ಪಾಠದ ಹೆಸರು ಸಾಕು.

ಬರೆದದ್ದು ಸರಿಯಾಯಿತೋ ಎಂದು ತಿಳಿಯಲು ಒಂದು ದಾರಿ ಇದೆ. ಹುಡುಗ ಒಂದು ಭಾಗವನ್ನು ತಾನೇ ಓದಲಿ. ಬೆರಳು ಎಲ್ಲಿ ನಿಲ್ಲುತ್ತದೆ, ಯಾವ ಸಾಲಿಗೆ ವಾಪಸ್ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಅರ್ಥವಾದದ್ದನ್ನು ಮನೆಮಾತಿನಲ್ಲಿ ಹೇಳಲಿ. ನಮ್ಮ ಕಡೆ ಕನ್ನಡ ಮೀಡಿಯಂ ಮಕ್ಕಳ ಮನೆಯಲ್ಲಿ ತುಳು, ಹವ್ಯಕ, ಮಲಯಾಳ, ಕೊಂಕಣಿ ಏನೂ ಇರಬಹುದು. ಪುಸ್ತಕದ ಕನ್ನಡದಲ್ಲೇ ಉತ್ತರ ಕೇಳಿದರೆ ಅವನು ಸುಮ್ನೆ ಕೂತುಬಿಡುತ್ತಾನೆ, ನೀವು ತಿಳಿದಿಲ್ಲ ಎಂದುಕೊಳ್ಳುತ್ತೀರಿ. ಹೇಳಲು ಆಗದಿದ್ದರೆ ಅದೇ ಭಾಗವನ್ನು ನೀವು ಗಟ್ಟಿಯಾಗಿ ಓದಿ, ಮತ್ತೆ ಕೇಳಿ. ಕೇಳಿಸಿಕೊಂಡಾಗ ಸರಿಯಾಗಿ ಹೇಳಿದರೆ ಅಕ್ಷರದ ಭಾರ ಇನ್ನೂ ಜಾಸ್ತಿ ಇದೆ, ವಾಕ್ಯ ಮತ್ತು ಪುಟ ತಿದ್ದಿ. ಕೇಳಿಸಿಕೊಂಡರೂ ಹೇಳಲು ಆಗದಿದ್ದರೆ ಪದ ಅವನಿಗೆ ಹೊಸದು, ಅಥವಾ ನಡುವೆ ಒಂದು ಕಾರಣ ಬಿಟ್ಟುಹೋಗಿದೆ. ಆಗ ಅಕ್ಷರ ದೊಡ್ಡದು ಮಾಡಿ ಪ್ರಯೋಜನ ಇಲ್ಲ, ವಿವರಣೆ ಸೇರಿಸಬೇಕು.

ಈ ಹಾಳೆಯಿಂದ ಅವನಿಗೆ ಓದು ಬರುವುದಿಲ್ಲ. ಅಕ್ಷರ ಮತ್ತು ಸದ್ದಿನ ಅಭ್ಯಾಸ ಬೇರೆಯೇ ನಡೆಯಬೇಕು. ಹಾಳೆಯ ಕೆಲಸ, ಓದು ಸುಧಾರಿಸುವ ತನಕ ವಿಜ್ಞಾನದಲ್ಲಿ ಅವನು ಹಿಂದೆ ಬೀಳದಂತೆ ನೋಡಿಕೊಳ್ಳುವುದು.

ಪೂರ್ತಿ ಪಾಠ ಈಗಲೇ ಬೇಡ, ಸಣ್ಣ ಕರುಳಿನ ಭಾಗ ಮಾತ್ರ ಬರೆದು ಕಳಿಸಿ. ಪಿತ್ತರಸ ಯಕೃತ್ತಿನಿಂದ ಬರುತ್ತದೆ, ಕೊಬ್ಬನ್ನು ಸಣ್ಣ ಹನಿಗಳಾಗಿ ಮಾಡುತ್ತದೆ, ಹನಿ ಸಣ್ಣದಾದ್ದರಿಂದ ಕೊಬ್ಬು ಬೇಗ ಒಡೆಯುತ್ತದೆ. ವಿಲ್ಲೈಗಳು ಒಡೆದ ಆಹಾರವನ್ನು ಹೀರಿ ರಕ್ತಕ್ಕೆ ಸೇರಿಸುತ್ತವೆ. ಇಷ್ಟೂ ಅದರಲ್ಲಿ ಇರಲಿ. ಜೊತೆಗೆ ಹುಡುಗ ಓದುವಾಗ ಬೆರಳು ನಿಂತ ಜಾಗಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ ಪ್ರತಿಯನ್ನೂ ಕಳಿಸಿ. ಅದನ್ನು ನೋಡಿ ಉಳಿದದ್ದು ತಿದ್ದೋಣ.